ಘಟ್ಟ ಇಳಿದು ಆಡಲು ಬರುವ ಮಕ್ಕಳ ತಿಂಡಿ ಮತ್ತು ನೀರು

ಕೇಳುಗರಿಗೆಲ್ಲ ನಮಸ್ಕಾರ.

ಶಿರಸಿ ಕಡೆಯ ಶಾಲೆಯೊಂದರ ಖೋ-ಖೋ ತಂಡ ಕಾರವಾರಕ್ಕೆ ಪಂದ್ಯಾವಳಿಗೆ ಹೊರಟಿದೆ ಎಂದುಕೊಳ್ಳಿ. ಬೆಳಗಿನ 5 ಗಂಟೆಗೆ ಬಸ್ಸು, 10 ಗಂಟೆಗೆ ಮೊದಲ ಪಂದ್ಯ. ಗೆದ್ದರೆ ಮಧ್ಯಾಹ್ನ ಇನ್ನೊಂದು, ಮತ್ತೆ ಗೆದ್ದರೆ ಸಂಜೆ 4ಕ್ಕೆ ಮೂರನೆಯದು. ತಂಡದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳಿದ್ದಾಳೆ, ತೂಕ 45 ಕಿಲೊ. ಅವಳ ಆ ಒಂದು ದಿನವನ್ನು ಮುಂದಿಟ್ಟುಕೊಂಡು ಇವತ್ತು ಮಾತಾಡುತ್ತೇನೆ.

ಮೊದಲ ತೊಂದರೆ ಶುರುವಾಗುವುದು ದೇವಿಮನೆ ಘಟ್ಟದಲ್ಲೇ. ತಿರುವುಗಳಲ್ಲಿ ವಾಂತಿಯಾದೀತು ಎಂದು ಮಕ್ಕಳು ಏನೂ ತಿನ್ನದೆ ಬಸ್ಸು ಹತ್ತುತ್ತಾರೆ. ಹೆಣ್ಣುಮಕ್ಕಳಂತೂ ನೀರನ್ನೂ ಮುಟ್ಟುವುದಿಲ್ಲ. ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತಾರೋ, ಮೈದಾನದ ಹತ್ತಿರ ಶೌಚಾಲಯ ಇದೆಯೋ ಇಲ್ಲವೋ ಎಂಬ ಹೆದರಿಕೆ. ಹೀಗಾಗಿ ಅಂಕಣಕ್ಕೆ ಇಳಿಯುವ ಮೊದಲೇ ಅವರ ಮೈಯಲ್ಲಿ ನೀರು ಕಡಿಮೆಯಾಗಿರುತ್ತದೆ. ಇದನ್ನು ಮಕ್ಕಳ ಹಟ ಎಂದು ಬೈದು ಪ್ರಯೋಜನವಿಲ್ಲ. ಕುಮಟಾದಲ್ಲಿ ಒಮ್ಮೆ, ಅಂಕೋಲಾದಲ್ಲಿ ಒಮ್ಮೆ ಬಸ್ಸು ನಿಲ್ಲುತ್ತದೆ, ಶೌಚಾಲಯಕ್ಕೆ ಹೋಗಿಬರಲು ಸಮಯ ಇರುತ್ತದೆ ಎಂದು ಪಿ.ಇ. ಸರ್ ಅಥವಾ ಮೇಡಂ ಹಿಂದಿನ ದಿನವೇ ಹೇಳಬೇಕು, ಹೇಳಿದಂತೆ ನಿಲ್ಲಿಸಲೂಬೇಕು. ಆಗ ಮಕ್ಕಳು ತಾವಾಗಿಯೇ ನೀರು ಕುಡಿಯುತ್ತಾರೆ.

ಮನೆಯಿಂದ ಹೊರಡುವಾಗ ಒಂದು ಬಾಳೆಹಣ್ಣು, ನಾಲ್ಕು ಗುಟುಕು ನೀರು ಸಾಕು. ನಿಜವಾದ ತಿಂಡಿ ಘಟ್ಟ ಇಳಿದ ಮೇಲೆ. 7 ಗಂಟೆ ಹೊತ್ತಿಗೆ ಕುಮಟಾ ತಲುಪಿದರೆ ಪಂದ್ಯಕ್ಕೆ ಇನ್ನೂ ಮೂರು ತಾಸು ಇರುತ್ತದೆ, ತಿಂದದ್ದು ಕರಗಲು ಅಷ್ಟು ಹೊತ್ತು ಬೇಕು. ಹೋಟೆಲಿನಲ್ಲಿ ಬನ್ಸ್, ಪೂರಿ, ವಡೆಯ ಪರಿಮಳ ಎಳೆಯುವುದು ಸಹಜ. ಆದರೆ ಎಣ್ಣೆಯಲ್ಲಿ ಕರಿದದ್ದು ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಅದನ್ನು ತಿಂದು ಓಡುವ ಮಗುವಿಗೆ ಹೊಟ್ಟೆ ಭಾರ, ಪಕ್ಕೆನೋವು, ಹುಳಿತೇಗು ಬರಬಹುದು. ನಮ್ಮ ಹುಡುಗಿಗೆ ಮೂರು ನಾಲ್ಕು ಇಡ್ಲಿ, ಸ್ವಲ್ಪ ಸಾಂಬಾರು, ಜೊತೆಗೆ ಒಂದೂವರೆ ಲೋಟ, ಅಂದರೆ 300 ಮಿಲಿಲೀಟರಿನಷ್ಟು ನೀರು. ಇಡ್ಲಿ ಮುಗಿದಿದ್ದರೆ ಎಣ್ಣೆ ಕಡಿಮೆ ಹಾಕಿದ ಖಾಲಿ ದೋಸೆ ಅಥವಾ ಅವಲಕ್ಕಿ. ಪಂದ್ಯಕ್ಕೆ ಅರ್ಧ ಮುಕ್ಕಾಲು ತಾಸು ಇರುವಾಗ ಇನ್ನೊಂದು ಬಾಳೆಹಣ್ಣು ತಿಂದರಾಯಿತು.

ಕಾರವಾರ ಮುಟ್ಟಿ ಶೌಚಾಲಯಕ್ಕೆ ಹೋದಾಗ ಮೂತ್ರದ ಬಣ್ಣ ನೋಡಿಕೊಳ್ಳಲು ಮಕ್ಕಳಿಗೆ ಕಲಿಸಿ. ತಿಳಿ ಹಳದಿ ಇದ್ದರೆ ಚಿಂತೆಯಿಲ್ಲ. ಗಾಢ ಹಳದಿ ಇದ್ದು, ಪ್ರಮಾಣವೂ ಕಡಿಮೆ ಇದ್ದರೆ ಇನ್ನೊಂದು ಲೋಟ ನೀರನ್ನು ನಿಧಾನವಾಗಿ ಕುಡಿಯಬೇಕು.

ಈಗ ಬೆವರಿನ ವಿಷಯ. ಮೈ ತಂಪಾಗುವುದು ಬೆವರು ಸುರಿಯುವುದರಿಂದಲ್ಲ, ಅದು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ತೊಟ್ಟಿಕ್ಕಿ ಹೋಗುತ್ತದೆ. ಮೈ ತಂಪಾಗದ ಕಾರಣ ದೇಹ ಇನ್ನಷ್ಟು ಬೆವರುತ್ತದೆ. ಶಿರಸಿಯ ತಂಪಿನಲ್ಲಿ ಅಭ್ಯಾಸ ಮಾಡಿದ ಮಕ್ಕಳಿಗೆ ಅಲ್ಲಿನ ಲೆಕ್ಕದ ನೀರು ಇಲ್ಲಿ ಸಾಲದು.

ಎಷ್ಟು ಬೇಕು ಎಂದು ತಿಳಿಯಲು ತೂಕದ ಯಂತ್ರ ಒಂದಿದ್ದರೆ ಸಾಕು. ಸೆಕೆ ಇರುವ ದಿನ ಒಂದು ತಾಸಿನ ಅಭ್ಯಾಸಕ್ಕೆ ಮೊದಲು, ಆಮೇಲೆ ಬೆವರು ಒರೆಸಿಕೊಂಡು, ಎರಡು ಸಲ ತೂಕ ನೋಡಿ. ಹುಡುಗಿ 45 ಕಿಲೊ ಇದ್ದವಳು 44 ಕಿಲೊ 300 ಗ್ರಾಂ ಆದಳು, ನಡುವೆ 300 ಮಿಲಿಲೀಟರ್ ನೀರನ್ನೂ ಕುಡಿದಿದ್ದಳು. ಅಂದರೆ ಅವಳು ಬೆವರಿದ್ದು ಸುಮಾರು ಒಂದು ಲೀಟರ್. ದೇಹತೂಕದ ನೂರಕ್ಕೆ 2 ಭಾಗಕ್ಕಿಂತ ಹೆಚ್ಚು, ಅವಳ ಲೆಕ್ಕದಲ್ಲಿ 900 ಗ್ರಾಂ, ಇಳಿದರೆ ಓಟ ನಿಧಾನವಾಗುತ್ತದೆ, ಗಮನ ತಪ್ಪುತ್ತದೆ. ಅವಳು ಆ ಗೆರೆಯ ಹತ್ತಿರ ಬಂದಿದ್ದಾಳೆ. ಹಾಗಾಗಿ ಆಡುವ ಹೊತ್ತಿನಲ್ಲಿ 20 ನಿಮಿಷಕ್ಕೊಮ್ಮೆ 150ರಿಂದ 200 ಮಿಲಿಲೀಟರ್ ಕುಡಿಯಬೇಕು. ಪಂದ್ಯ ಮುಗಿದ ಮೇಲೆ ಇಳಿದ ಪ್ರತಿ 100 ಗ್ರಾಮಿಗೆ 150 ಮಿಲಿಲೀಟರಿನಂತೆ, ಅಂದರೆ ಸುಮಾರು ಒಂದು ಲೀಟರನ್ನು, ಮುಂದಿನ ಪಂದ್ಯದ ತನಕ ಹಂಚಿಕೊಂಡು ಕುಡಿಯಬೇಕು. ಒಂದೇ ಸಲ ಗಟಗಟನೆ ಕುಡಿದರೆ ಹೊಟ್ಟೆ ಕುಲುಕುತ್ತದೆ. ಆಡಿದ ಮೇಲೆ ತೂಕ ಮೊದಲಿಗಿಂತ ಹೆಚ್ಚಿದ್ದರೆ ನೀರು ಅತಿಯಾಯಿತು ಎಂದರ್ಥ. ಬರೀ ನೀರನ್ನೇ ಅತಿಯಾಗಿ ಕುಡಿದು ರಕ್ತದ ಉಪ್ಪಿನಂಶ ತೆಳುವಾಗುವುದೂ ಅಪಾಯವೇ.

ದಿನವಿಡೀ ಆಟ ಇದ್ದಾಗ ನೀರಿನ ಜೊತೆ ಸ್ವಲ್ಪ ಉಪ್ಪು, ಸ್ವಲ್ಪ ಸಕ್ಕರೆ ಬೇಕು. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಸಮ ನಾಲ್ಕು ದೊಡ್ಡ ಚಮಚ ಸಕ್ಕರೆ, ಚಹಾ ಚಮಚದ ಕಾಲು ಭಾಗ ಉಪ್ಪು, ರುಚಿಗೆ ಲಿಂಬೆ ಅಥವಾ ನಮ್ಮ ಮುರುಗಲ ಸಿಪ್ಪೆಯ ರಸ. ಇದು ಆಟದ ನೀರು, ಭೇದಿಗೆ ಕೊಡುವ ಓ.ಆರ್.ಎಸ್. ಅಲ್ಲ. ಅಂಗಡಿಯ ಬಾಟಲಿ ಪಾನೀಯಗಳಲ್ಲಿ ಸಕ್ಕರೆ ಇದರ ಸುಮಾರು ಎರಡರಷ್ಟು ಇರುತ್ತದೆ, ಗ್ಯಾಸೂ ಸೇರಿ ಹೊಟ್ಟೆ ಉಬ್ಬರಿಸುತ್ತದೆ. ಎನರ್ಜಿ ಡ್ರಿಂಕ್ ಮಕ್ಕಳಿಗೆ ಬೇಡವೇ ಬೇಡ, ಅದರಲ್ಲಿ ಕೆಫೀನ್ ಇದೆ. ಎಳನೀರು ಒಳ್ಳೆಯದೇ, ಆದರೆ ಬೆವರಲ್ಲಿ ಹೋಗುವ ಉಪ್ಪು ಅದರಲ್ಲಿ ಕಡಿಮೆ. ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೋ ತಂಬುಳಿಯೋ ಇರಲಿ.

ಎರಡು ಪಂದ್ಯಗಳ ನಡುವೆ ಒಂದೇ ತಾಸು ಇದ್ದರೆ ಊಟದ ಯೋಚನೆ ಬಿಡಿ. ಬಾಳೆಹಣ್ಣು, ಬೆಲ್ಲ ಕಲಸಿದ ಅವಲಕ್ಕಿ ಒಂದು ಹಿಡಿ, ಒಂದೆರಡು ಖರ್ಜೂರ ಸಾಕು. ಎರಡೂವರೆ ಮೂರು ತಾಸು ಇದ್ದರೆ ಕ್ಯಾಂಟೀನಿನಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ, ಹೊಟ್ಟೆಯ ಮುಕ್ಕಾಲು ತುಂಬುವಷ್ಟು.

ತಾಯಂದಿರಿಗೆ ಒಂದು ಮಾತು. ಬೆಳಗಿನ 4 ಗಂಟೆಗೆ ಎದ್ದು ಪ್ರೀತಿಯಿಂದ ಕಟ್ಟಿಕೊಟ್ಟ ಕಾಯಿ ಹಾಕಿದ ಚಿತ್ರಾನ್ನವನ್ನು ಮಗು ತೆರೆಯುವುದು ಮಧ್ಯಾಹ್ನ 1ಕ್ಕೆ. ಬಿಸಿ ಇರುವಾಗಲೇ ಮುಚ್ಚಿದ ಡಬ್ಬಿ, ಕರಾವಳಿಯ ಸೆಕೆ, ಒಂಬತ್ತು ತಾಸು. ಬೇಯಿಸಿದ ಅನ್ನದಲ್ಲೂ ಉಳಿದು ಬೆಳೆಯುವ ಬ್ಯಾಕ್ಟೀರಿಯಾ ಇದೆ, ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ತಿಂದ ಕೆಲವೇ ತಾಸುಗಳಲ್ಲಿ ವಾಂತಿ ಶುರುವಾಗುತ್ತದೆ. ಅನ್ನದ ಬದಲು ಚಪಾತಿ-ಬೆಲ್ಲ, ಕಾಯಿ ಹಾಕದ ಹುರಿದ ಅವಲಕ್ಕಿ ಕಟ್ಟಿಕೊಡಿ. ಅನ್ನವನ್ನು ಅಲ್ಲೇ ಬಿಸಿಯಾಗಿ ಉಣ್ಣಲಿ.

ತರಬೇತುದಾರರು ಒಂದನ್ನು ಮರೆಯಬಾರದು. ಆಟದ ನಡುವೆ ಮಗು ತೂರಾಡಿದರೆ, ಕೇಳಿದ್ದಕ್ಕೆ ತೊದಲಿ ಏನೇನೋ ಉತ್ತರ ಕೊಟ್ಟರೆ ಅದು ಬಿಸಿಲಿನ ಆಘಾತ ಇರಬಹುದು. ತಕ್ಷಣ ನೆರಳಿಗೆ ಒಯ್ದು, ತಣ್ಣೀರನ್ನು ಮೈತುಂಬ ಸುರಿಯುತ್ತ ಗಾಳಿ ಹಾಕಿ. ಒಬ್ಬರು ಹೀಗೆ ತಂಪು ಮಾಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಪ್ರಜ್ಞೆ ಸರಿಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಕೊನೆಯ ಪಂದ್ಯ ಮುಗಿದ ಒಂದು ತಾಸಿನೊಳಗೆ ಮಾತ್ರ ಹೊಟ್ಟೆತುಂಬ ಊಟ ಆಗಲಿ. ಮೀನು ತಿನ್ನುವವರಿಗೆ ಕಾರವಾರದಲ್ಲಿ ಅನ್ನ, ಮೀನುಸಾರಿಗೆ ಬರವಿಲ್ಲ. ಉಳಿದವರಿಗೆ ಅನ್ನ, ದಪ್ಪ ಬೇಳೆಸಾರು, ಮೊಸರು. ರಾತ್ರಿಯೇ ಘಟ್ಟ ಹತ್ತಿ ಮರಳುವುದಿದ್ದರೆ ಉಂಡು ಅರ್ಧ ತಾಸಾದರೂ ಕಳೆದ ಮೇಲೆ ಬಸ್ಸು ಹೊರಡಲಿ. ಮರುದಿನವೂ ಪಂದ್ಯ ಇದ್ದರೆ ಮಲಗುವ ಮೊದಲು ಒಂದು ಲೋಟ ನೀರು ಅಥವಾ ಹಾಲು ಕುಡಿಸಿ, ಬೆಳಿಗ್ಗೆ ಎದ್ದಕೂಡಲೇ ಮತ್ತೆ ಮೂತ್ರದ ಬಣ್ಣ ನೋಡಿಕೊಳ್ಳಲು ಹೇಳಿ.

ನಮಸ್ಕಾರ.