ಹೆಸರು ಹಾಕಿದ್ದೀವಲ್ಲ, ಇನ್ನೇನು ಬೇಕು?

ಕೇಳುಗರಿಗೆ ನಮಸ್ಕಾರ. ನಾನು ತುಮಕೂರಿನಲ್ಲಿ ಇಪ್ಪತ್ತು ವರ್ಷದಿಂದ ಪುಸ್ತಕ ತಿದ್ದುವ ಕೆಲಸ ಮಾಡುತ್ತಿದ್ದೇನೆ. ಕರಡು ನೋಡುವುದು, ಬೇರೆಯವರ ಬರಹ ಬಳಸಿದ್ದರೆ ಅನುಮತಿ ಪತ್ರ ತರಿಸುವುದು, ಇವೇ ನನ್ನ ದಿನದ ಕೆಲಸ. ಇವತ್ತು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸ್ಮರಣ ಸಂಚಿಕೆ ತರುವವರು, ಪಿಎಚ್.ಡಿ. ಬರೆಯುವವರು, ಊರಿನ ಚರಿತ್ರೆ ಬರೆಯಲು ಹೊರಟ ಮೇಷ್ಟ್ರುಗಳು ಕೇಳುತ್ತಿದ್ದೀರಿ ಅಂದುಕೊಂಡು ಮಾತಾಡುತ್ತೇನೆ.

ನನ್ನ ಹತ್ತಿರ ಬರುವವರು ಹೆಚ್ಚುಕಡಿಮೆ ಎಲ್ಲರೂ ಹೇಳುವ ಮಾತು ಒಂದೇ. "ಸಾರ್, ನಾವೇನು ಕದ್ದಿಲ್ಲ, ಹೆಸರು ಹಾಕಿದ್ದೀವಿ." ಸರಿ, ಹೆಸರು ಹಾಕಿದ್ದು ಒಳ್ಳೆಯದೇ. ಆದರೆ ಹೆಸರು ಹಾಕುವುದು ಬೇರೆ, ಕೇಳಿ ತೆಗೆದುಕೊಳ್ಳುವುದು ಬೇರೆ.

ನಮ್ಮ ಕಡೆಯ ಮಾತಲ್ಲೇ ಹೇಳುತ್ತೇನೆ. ಪಕ್ಕದ ತೋಟದ ಕಾಯಿ ಕಿತ್ತು, ಕೊಬ್ಬರಿ ಮಾಡಿ, ತಿಪಟೂರು ಮಂಡಿಗೆ ಹಾಕಿ, ನಮ್ಮದೇ ತೋಟದ್ದು ಅಂದರೆ ಅದು ಸುಳ್ಳು. ಬರಹದಲ್ಲಿ ಅದಕ್ಕೆ ಕೃತಿಚೌರ್ಯ ಅನ್ನುತ್ತೇವೆ. ಇನ್ನೊಬ್ಬ ಅದೇ ಕಾಯಿ ಕಿತ್ತು, ಮೂಟೆ ಮೇಲೆ ದೊಡ್ಡದಾಗಿ "ಇದು ಪಕ್ಕದ ತೋಟದ ಯಜಮಾನರ ಕಾಯಿ" ಅಂತ ಚೀಟಿ ಅಂಟಿಸಿ ಮಾರುತ್ತಾನೆ. ಇವನು ಸುಳ್ಳು ಹೇಳಲಿಲ್ಲ. ಆದರೆ ಯಜಮಾನರು ಸುಮ್ನೆ ಇರುತ್ತಾರಾ? ಅವರ ಜಗಳ ಚೀಟಿಯ ಬಗ್ಗೆ ಅಲ್ಲವಲ್ಲ, ಕಾಯಿಯ ಬಗ್ಗೆ. ಆ ಎರಡನೆಯದೇ ಕಾಪಿರೈಟ್, ಅಂದರೆ ಹಕ್ಕುಸ್ವಾಮ್ಯ.

ಇದನ್ನು ತಿರುಗಿಸಿಯೂ ನೋಡಬಹುದು. ಕುಮಾರವ್ಯಾಸನ ಷಟ್ಪದಿಗೆ ಈಗ ಕಾಪಿರೈಟ್ ಇಲ್ಲ, ಯಾರು ಎಷ್ಟು ಬೇಕಾದರೂ ಅಚ್ಚು ಹಾಕಬಹುದು. ಆದರೆ ಅದನ್ನು ನಾನು ಬರೆದೆ ಅಂತ ಹೇಳಿದರೆ ಕೃತಿಚೌರ್ಯ. ಒಂದು ಇದ್ದಲ್ಲಿ ಇನ್ನೊಂದು ಇರಲೇಬೇಕು ಅಂತಿಲ್ಲ.

ಈಗ ಒಂದು ಕತೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಆದರೆ ಇದನ್ನು ಬಿಟ್ಟರೆ ನನಗೆ ಈ ವಿಷಯ ಹೇಳಲು ಬರುವುದಿಲ್ಲ.

ಗುಬ್ಬಿ ಕಡೆಯ ಒಂದು ಹಳ್ಳಿ. ಅಲ್ಲಿನ ಹೈಸ್ಕೂಲಿಗೆ ಐವತ್ತು ವರ್ಷ ತುಂಬಿತು, ಸ್ಮರಣ ಸಂಚಿಕೆ ತಂದರು. ಐನೂರು ಪ್ರತಿ. ಕರಡು ನೋಡಿದವನು ನಾನೇ, ಹಾಗಾಗಿ ತಪ್ಪಿನಲ್ಲಿ ನನಗೂ ಪಾಲು ಇದೆ. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಸೀಮೆಯ ಕೆರೆಗಳ ಬಗ್ಗೆ ಹನ್ನೊಂದು ಪುಟದ ಲೇಖನ ಕೊಟ್ಟರು. ಅದರಲ್ಲಿ ಒಂಬತ್ತು ಪುಟ ಒಂದೇ ಪುಸ್ತಕದಿಂದ ಎತ್ತಿದ್ದು, ಅದೂ ಹನ್ನೆರಡು ಪುಟದ ಒಂದೇ ಅಧ್ಯಾಯದಿಂದ. ಮೇಷ್ಟ್ರು ಎಷ್ಟು ಶಿಸ್ತಿನವರು ಅಂದರೆ ಉದ್ಧರಣ ಚಿಹ್ನೆ ಇದೆ, ಅಂಚು ಬಿಟ್ಟು ಒಳಗೆ ಸರಿಸಿ ಬರೆದಿದ್ದಾರೆ, ಕೆಳಗೆ ಅಡಿಟಿಪ್ಪಣಿಯಲ್ಲಿ ಲೇಖಕರು, ಪುಸ್ತಕ, ಪ್ರಕಾಶಕರು, ಇಸವಿ, ಪುಟ 41 ರಿಂದ 49, ಎಲ್ಲ ಇದೆ. ಇಷ್ಟು ನೀಟಾದ ಅಡಿಟಿಪ್ಪಣಿ ಎಷ್ಟೋ ಪಿಎಚ್.ಡಿ.ಯಲ್ಲೂ ನಾನು ನೋಡಿಲ್ಲ. ಮೆಚ್ಚಿಕೊಂಡು ಪಾಸು ಮಾಡಿದೆ.

ಸಂಚಿಕೆ ಬಿಡುಗಡೆಯಾಗಿ ಹದಿನೈದು ದಿನಕ್ಕೆ ಬೆಂಗಳೂರಿನಿಂದ ಫೋನ್. ಆ ಲೇಖಕರ ಮಗ. ಕೂಗಾಡಲಿಲ್ಲ. "ಅಪ್ಪನ ಹೆಸರು ಚೆನ್ನಾಗಿ ಹಾಕಿದ್ದೀರಿ ಸಾರ್, ಸಂತೋಷ. ಆದರೆ ಮುಕ್ಕಾಲು ಅಧ್ಯಾಯ ಅಲ್ಲೇ ಇದೆಯಲ್ಲ. ಯಾರನ್ನ ಕೇಳಿದ್ರಿ?"

ಮೇಷ್ಟ್ರಿಗೆ ಸಿಟ್ಟು ಬಂತು. "ನಾನು ಕಳ್ಳನಾ?" ಅಂದರು. ಇಲ್ಲ ಮೇಷ್ಟ್ರೇ, ಕಳ್ಳ ಅಂತ ಅವರು ಅಂದೇ ಇಲ್ಲ. ಯಾರನ್ನ ಕೇಳಿದಿರಿ ಅಂತ ಅಂದರು. ಈ ಎರಡು ಪ್ರಶ್ನೆ ಬೇರೆ ಬೇರೆ ಅಂತ ಅವರಿಗೆ ಒಪ್ಪಿಸಲು ನನಗೆ ಒಂದು ಸಂಜೆ ಹಿಡಿಯಿತು, ಎರಡು ಸಲ ಕಾಫಿ ಆಯಿತು.

ಅಸಲಿಗೆ ಮೇಷ್ಟ್ರು ಕೇಳಿದ್ದರು. ಪ್ರಕಾಶಕರಿಗೆ ಫೋನ್ ಮಾಡಿದ್ದರು, ಅವರು "ಹಾಕ್ಕೊಳ್ಳಿ ಸಾರ್" ಅಂದಿದ್ದರು. ಗುಂಡಿ ಇದ್ದದ್ದು ಇಲ್ಲೇ. ಪುಸ್ತಕ ಬಂದದ್ದು 1996ರಲ್ಲಿ. ಲೇಖಕರು ಪ್ರಕಾಶಕರಿಗೆ ಹಕ್ಕು ಬರೆದುಕೊಟ್ಟ ಕಾಗದದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆದಿರಲಿಲ್ಲ. ನಮ್ಮ ಕಾಪಿರೈಟ್ ಕಾಯ್ದೆ 1957ರದು, ಅದರ 19ನೇ ಕಲಮಿನ ಪ್ರಕಾರ ಅವಧಿ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಅಂದರೆ 2001ಕ್ಕೇ ಹಕ್ಕು ಲೇಖಕರಿಗೆ ವಾಪಸ್ ಬಂದಿತ್ತು. ಲೇಖಕರು 2004ರಲ್ಲಿ ತೀರಿಕೊಂಡರು, ಹಕ್ಕು ಮನೆಯವರಿಗೆ ಹೋಯಿತು. ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಅರವತ್ತು ವರ್ಷ ಎಣಿಸಬೇಕು, 2064ರ ಕೊನೆಯವರೆಗೆ ಅದು ಅವರದೇ. ಪ್ರಕಾಶಕರು ಹಾಕ್ಕೊಳ್ಳಿ ಅಂದದ್ದು ತಮ್ಮದಲ್ಲದ ತೋಟದ ಕಾಯಿಯನ್ನ. ಅದೂ ಬಾಯಿಮಾತಲ್ಲಿ. ಅನುಮತಿ ಬರಹದಲ್ಲಿ ಇರಬೇಕು ಅಂತಲೂ ಕಾಯ್ದೆಯಲ್ಲಿದೆ.

ಮಗ ಹಟ ಹಿಡಿದದ್ದಕ್ಕೂ ಕಾರಣ ಇತ್ತು. ಪುಸ್ತಕದ ಪ್ರತಿ ಎಲ್ಲೂ ಸಿಗುತ್ತಿರಲಿಲ್ಲ, ಅವರೇ ಮರುಮುದ್ರಣಕ್ಕೆ ಡಿಟಿಪಿ ಮಾಡಿಸುತ್ತಿದ್ದರು. ನಮ್ಮ ಸೀಮೆಯವರು ಆ ಪುಸ್ತಕ ಕೊಳ್ಳುವುದೇ ಆ ಒಂದು ಅಧ್ಯಾಯಕ್ಕೆ. ಅದು ಸಂಚಿಕೆಯಲ್ಲೇ ಸಿಕ್ಕಿದರೆ ಪುಸ್ತಕ ಯಾಕೆ ಕೊಳ್ಳುತ್ತಾರೆ? ನಾನು ಈಗ ಯಾವ ಕರಡು ಬಂದರೂ ಮೊದಲು ಇದನ್ನೇ ಕೇಳಿಕೊಳ್ಳುತ್ತೇನೆ. ಇದನ್ನು ಓದಿದವನಿಗೆ ಮೂಲ ಪುಸ್ತಕ ಇನ್ನೂ ಬೇಕು ಅನ್ನಿಸುತ್ತದಾ, ಅಥವಾ ಇಷ್ಟೇ ಸಾಕು ಅನ್ನಿಸುತ್ತದಾ? ಸಾಕು ಅನ್ನಿಸಿದರೆ ಅಡಿಟಿಪ್ಪಣಿ ಎಷ್ಟು ಚೆನ್ನಾಗಿದ್ದರೂ ತಂಟೆ ಇದೆ ಅಂತಲೇ ಅರ್ಥ.

ಕೊನೆಗೆ ರಾಜಿ ಆಯಿತು. ಹಂಚಿದ ನೂರೆಂಬತ್ತು ಪ್ರತಿಗಳನ್ನು ಅವರು ಬಿಟ್ಟುಕೊಟ್ಟರು. ಉಳಿದ ಮುನ್ನೂರಿಪ್ಪತ್ತರ ಹೊಲಿಗೆ ಬಿಚ್ಚಿ, ಹದಿನಾರು ಪುಟದ ಎರಡು ಫಾರಂ ತೆಗೆದು, ಹೊಸದಾಗಿ ಅಚ್ಚು ಹಾಕಿ ಮತ್ತೆ ಬೈಂಡು ಮಾಡಿಸಿದೆವು. ಹಳೆ ವಿದ್ಯಾರ್ಥಿಗಳ ಚಂದಾ ದುಡ್ಡು ಅದಕ್ಕೇ ಹೋಯಿತು. ಬೈಂಡು ಮಾಡುವವರು ನನ್ನನ್ನು ಈಗಲೂ ರೇಗಿಸುತ್ತಾರೆ.

ಆದರೆ ಹೊಸ ಲೇಖನ ಇದೆಯಲ್ಲ, ಅದನ್ನು ನೀವು ನೋಡಬೇಕಿತ್ತು. ತೂಬು ಹೇಗೆ ಎತ್ತುತ್ತಿದ್ದರು, ನೀರುಗಂಟಿ ಯಾರ ಗದ್ದೆಗೆ ಯಾವಾಗ ನೀರು ಬಿಡುತ್ತಿದ್ದ, ಕೋಡಿ ಬಿದ್ದರೆ ಊರವರು ಏನು ಮಾಡುತ್ತಿದ್ದರು, ಇವೆಲ್ಲ ಸಂಗತಿಗಳು. ಸಂಗತಿಗೆ ಯಾರೂ ಯಜಮಾನರಲ್ಲ. ಅದನ್ನು ಹೇಳಿದ ಮಾತಿಗೆ, ಜೋಡಿಸಿದ ರೀತಿಗೆ ಮಾತ್ರ ಯಜಮಾನರು ಇರುತ್ತಾರೆ. ಮೇಷ್ಟ್ರು ಮೊದಲು ಏನು ಮಾಡಿದರು ಗೊತ್ತಾ? ಅದೇ ವಾಕ್ಯಗಳಲ್ಲಿ "ನೀರು" ಇದ್ದ ಕಡೆ "ಜಲ" ಹಾಕಿಕೊಂಡು ಬಂದರು. ಮೇಷ್ಟ್ರೇ, ಇದು ಅದೇ ಕಾಯಿ, ಜುಟ್ಟು ಮಾತ್ರ ಕಿತ್ತಿದ್ದೀರಿ ಅಂತ ವಾಪಸ್ ಕಳಿಸಿದೆ. ಎರಡನೇ ಸಲ ಪುಸ್ತಕ ಮುಚ್ಚಿಟ್ಟು, ತಮ್ಮ ಊರಿನ ಕೆರೆ ಏರಿ ಮೇಲೆ ಹೋಗಿ ಕೂತು ಬರೆದರು. ಹನ್ನೊಂದು ಪುಟ ನಾಲ್ಕಾಯಿತು. ಆ ಲೇಖಕರ ಮಾತು ನಾಲ್ಕೇ ವಾಕ್ಯ ಉಳಿಯಿತು, ಅದರ ಕೆಳಗೆ "ನಮ್ಮೂರ ಕೋಡಿ ಹೀಗಿಲ್ಲ" ಅಂತ ಮೇಷ್ಟ್ರು ಒಂದು ಪುಟ ವಾದ ಮಾಡಿದ್ದಾರೆ. ಆ ನಾಲ್ಕು ವಾಕ್ಯಕ್ಕೆ ಯಾರ ಅನುಮತಿಯೂ ಬೇಕಿಲ್ಲ. ವಿಮರ್ಶೆ ಮಾಡಲು ಬೇಕಾದಷ್ಟು ಎತ್ತಿಕೊಳ್ಳಬಹುದು ಅಂತ ಕಾಯ್ದೆಯ 52ನೇ ಕಲಮೇ ಹೇಳುತ್ತದೆ. ಹೆಸರು ಮಾತ್ರ ಹಾಕಲೇಬೇಕು, ಸಂಗತಿ ಎಲ್ಲಿಂದ ಗೊತ್ತಾಯಿತು ಅನ್ನುವುದಕ್ಕೂ ಹಾಕಬೇಕು.

ಸಮಯ ನೋಡಿ ಅಂತ ಆ ಕಡೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ.

"ಸಾರ್, ಎಷ್ಟು ಪದದವರೆಗೆ ಫ್ರೀ?" ಅಂತ ಎಲ್ಲರೂ ಕೇಳುತ್ತಾರೆ. ಮುನ್ನೂರು ಪದ, ಶೇಕಡಾ ಹತ್ತು, ಏನೇನೋ ಹೇಳುತ್ತಾರೆ. ನಮ್ಮ ಕಾಯ್ದೆಯಲ್ಲಿ ಅಂಥ ಸಂಖ್ಯೆಯೇ ಇಲ್ಲ. ಅಮೆರಿಕದ್ದೊಂದು ಕೇಸಿದೆ, 1985ರದ್ದು. ಅಲ್ಲಿನ ಮಾಜಿ ಅಧ್ಯಕ್ಷ ಫೋರ್ಡ್ ಅವರ ಆತ್ಮಕಥೆ ಸುಮಾರು ಎರಡು ಲಕ್ಷ ಪದ. ಅದು ಹೊರಬರುವ ಮೊದಲೇ ಒಂದು ಪತ್ರಿಕೆ ಅದರಿಂದ ಮುನ್ನೂರು ನಾನೂರು ಪದ ಎತ್ತಿ ಹಾಕಿತು. ಮಾತು ಫೋರ್ಡ್ ಅವರದು ಅಂತ ಮುಚ್ಚಿಡಲಿಲ್ಲ. ಆದರೂ ಅಲ್ಲಿನ ಸುಪ್ರೀಂ ಕೋರ್ಟ್ ತಪ್ಪು ಅಂತು, ಯಾಕೆಂದರೆ ಎತ್ತಿದ್ದು ಪುಸ್ತಕದ ತಿರುಳನ್ನೇ.

ಪಿಎಚ್.ಡಿ.ಯವರಿಗೆ ಒಂದು ಮಾತು. ಕೃತಿಚೌರ್ಯದ ಬಗ್ಗೆ ಯುಜಿಸಿ ಮಾಡಿದ 2018ರ ನಿಯಮದಲ್ಲಿ ಬೇರೆಯವರ ಬರಹಕ್ಕೆ ಶೇಕಡಾ ಹತ್ತರವರೆಗೆ ಹೋಲಿಕೆ ಇದ್ದರೆ ದಂಡನೆ ಇಲ್ಲ. ಆ ಲೆಕ್ಕದಲ್ಲಿ ಹೆಸರು ಹಾಕಿ ಉದ್ಧರಿಸಿದ್ದನ್ನು ಸೇರಿಸುವುದೂ ಇಲ್ಲ. ಹಾಗಾಗಿ ಎಂಟು ಪುಟ ಎತ್ತಿ ಹಾಕಿದ ಪ್ರಬಂಧವೂ ಶೇಕಡಾ ಆರು ಅಂತ ರಿಪೋರ್ಟ್ ಹಿಡಿದುಕೊಂಡು ಬರುತ್ತದೆ. ಆ ರಿಪೋರ್ಟ್ ಹೇಳುವುದು ಚೀಟಿಯ ಸಂಗತಿ. ಪುಸ್ತಕ ಮಾಡಿ ಮಾರಲು ಹೊರಟಾಗ ಕಾಯಿಯ ಸಂಗತಿ ಬರುತ್ತದೆ, ಆಗ ನನ್ನ ಹತ್ತಿರ ಓಡಿ ಬರುತ್ತಾರೆ.

ಪತ್ರ ಬರೆಯುವುದೇನೂ ಕಷ್ಟವಿಲ್ಲ. ಯಾವ ಪುಸ್ತಕ, ಯಾವ ಪುಟದಿಂದ ಯಾವ ಪುಟ, ಎಷ್ಟು ಪ್ರತಿ, ಮಾರಾಟಕ್ಕಾ ಹಂಚುವುದಕ್ಕಾ, ಇಂಟರ್ನೆಟ್‌ಗೂ ಹಾಕುತ್ತೀರಾ, ಇಷ್ಟು ಬರೆದು, ಹಕ್ಕು ಈಗ ಯಾರ ಹತ್ತಿರ ಇದೆ ಅಂತ ವಿಚಾರಿಸಿ ಕಳಿಸಿ. ಎಷ್ಟೋ ಜನ ಸಂತೋಷವಾಗಿ ಒಪ್ಪುತ್ತಾರೆ. ಆ ಮಗನೂ "ಮೊದಲೇ ಕೇಳಿದ್ದರೆ ಎರಡು ಪುಟ ಹಾಕಿಕೊಳ್ಳಿ ಅಂತಿದ್ದೆ" ಅಂದರು.

ಹೋದ ತಿಂಗಳು ಅದೇ ಮೇಷ್ಟ್ರು ಫೋನ್ ಮಾಡಿದ್ದರು. "ಈ ಸಲ ಒಂದು ಪದ್ಯ ಹಾಕ್ತಿದೀನಿ ಕಣಪ್ಪ, ನಾಲ್ಕೇ ಸಾಲು, ಹೆಸರು ಹಾಕ್ತೀನಿ, ಸಾಕಲ್ವಾ?"

"ಆ ಪದ್ಯದಲ್ಲಿ ಒಟ್ಟು ಎಷ್ಟು ಸಾಲು ಮೇಷ್ಟ್ರೇ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಲ್ಕೇ" ಅಂದರು. "ಸರಿ ಬಿಡು, ಕವಿಯ ಮನೆ ಅಡ್ರೆಸ್ ಹುಡುಕ್ತೀನಿ."

ನಮಸ್ಕಾರ.