ಫೋಟೋದಲ್ಲಿ ಒದ್ದೆಯಾದ ಅಂಗಿ

ಕೇಳುಗರಿಗೆ ನಮಸ್ಕಾರ.

ಮದುವೆ ಫೋಟೋ ತೆಗೆಯುವವರಿಗೆಲ್ಲ ಗೊತ್ತಿರುವ ಒಂದು ಕ್ಷಣ ಇದೆ. ಗಟ್ಟಿಮೇಳ ಅಂತ ಕೂಗುತ್ತಾರೆ, ಓಲಗದ ಸದ್ದು ಏರುತ್ತದೆ, ಮಂಟಪದ ಸುತ್ತ ನಿಂತವರೆಲ್ಲ ಅಕ್ಷತೆ ಹಾಕಲು ಒಟ್ಟಿಗೆ ಕೈ ಎತ್ತುತ್ತಾರೆ. ಮೇ ತಿಂಗಳು, ಪಕ್ಕದಲ್ಲೇ ಹೋಮದ ಬೆಂಕಿ, ತಲೆ ಮೇಲೆ ವಿಡಿಯೋದವರ ದೀಪ. ಎತ್ತಿದ ಪ್ರತಿ ಕೈಯ ಕೆಳಗೂ ಅಂಗಿ ಒದ್ದೆ. ಆಮೇಲೆ ಮನೆಯವರು ಆಲ್ಬಮ್‌ಗೆ ಫೋಟೋ ಆರಿಸಿ ಕೊಡುವಾಗ ಮೆಲ್ಲಗೆ ಹೇಳುತ್ತಾರೆ, "ಅಣ್ಣಾ, ನಮ್ಮ ಮಾವನ ಕಂಕುಳು ಒಂಚೂರು ನೋಡ್ಕೊಳ್ಳಿ."

ಈ ಒಂಚೂರು ನೋಡಿಕೊಳ್ಳುವುದು ಹೇಗೆ ಅನ್ನುವುದೇ ಇವತ್ತಿನ ಮಾತು. ಬೆವರಿನ ಕಲೆ ಹೋಗಬೇಕು, ಆದರೆ ಅಂಗಿಯ ಮಡಿಕೆ, ಬಟ್ಟೆಯ ನೇಯ್ಗೆ ಹಾಗೇ ಉಳಿಯಬೇಕು.

ಹೊಸಬರು ಸಾಮಾನ್ಯವಾಗಿ ಮೊದಲು ಹಿಡಿಯುವುದು ಕ್ಲೋನ್ ಟೂಲ್. ಎದೆಯ ಮೇಲಿನ ಒಣ ಬಟ್ಟೆ ತೆಗೆದು ಕಂಕುಳಿಗೆ ಮೆತ್ತುತ್ತಾರೆ. ಕಲೆ ಹೋಗುತ್ತದೆ, ನಿಜ. ಜೊತೆಗೆ ಭುಜದಿಂದ ಇಳಿದು ಬಂದ ಮಡಿಕೆ ಅರ್ಧದಲ್ಲೇ ನಿಂತುಬಿಡುತ್ತದೆ. ಚೌಕಳಿ ಅಂಗಿಯಾದರೆ ಗೆರೆಗೆ ಗೆರೆ ಕೂಡುವುದಿಲ್ಲ. ಇನ್ನು ಕೆಲವರು ಬ್ಲರ್ ಮಾಡಿ ಸವರುತ್ತಾರೆ. ಆಗ ಕಂಕುಳಲ್ಲಿ ಮಾತ್ರ ಹತ್ತಿ ಬಟ್ಟೆ ರೇನ್‌ಕೋಟ್ ಆಗಿಬಿಡುತ್ತದೆ.

ಇಲ್ಲಿ ಒಂದು ವಿಷಯ ತಿಳಿದರೆ ಕೆಲಸ ಸಲೀಸು. ಒದ್ದೆಯಾದ ಬಟ್ಟೆಯಲ್ಲಿ ನೇಯ್ಗೆ ಎಲ್ಲೂ ಹೋಗಿರುವುದಿಲ್ಲ. ಒಣಗಿದ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ. ಬೆಳಕು ಅಲ್ಲಿ ಚದುರಿ ನಮ್ಮ ಕಡೆ ವಾಪಸ್ ಬರುತ್ತದೆ. ಆ ಜಾಗಕ್ಕೆ ನೀರು ತುಂಬಿದಾಗ ಬೆಳಕು ಅಷ್ಟು ಚದುರುವುದಿಲ್ಲ, ಒಳಕ್ಕೇ ಇಳಿಯುತ್ತದೆ. ಹಾಗಾಗಿ ಬಟ್ಟೆ ಕಪ್ಪಾಗುತ್ತದೆ, ಅದರ ಬಣ್ಣವೂ ಗಾಢವಾಗುತ್ತದೆ. ಅಂದರೆ ಮುಚ್ಚಿ ಹಾಕಬೇಕಾದ್ದು ಅಲ್ಲಿ ಏನೂ ಇಲ್ಲ. ತಗ್ಗಿದ ಬೆಳಕನ್ನು ಎತ್ತಬೇಕು, ಏರಿದ ಬಣ್ಣವನ್ನು ಇಳಿಸಬೇಕು, ಅಷ್ಟೇ.

ಒಂದು ಫೋಟೋ ಇಟ್ಟುಕೊಂಡೇ ನೋಡೋಣ. ತಿಳಿ ನೀಲಿ ಹತ್ತಿ ಅಂಗಿ, ಬಲಗೈ ಮೇಲೆತ್ತಿದ ಮಾವ, ಕಂಕುಳಲ್ಲಿ ಅಂಗೈ ಅಗಲದ ಒದ್ದೆ. ಫೋಟೋಶಾಪ್‌ನಲ್ಲಿ ತೆರೆದು ಐಡ್ರಾಪರ್ ಹಿಡಿಯಿರಿ. ಮೇಲೆ ಸ್ಯಾಂಪಲ್ ಸೈಜ್ ಅಂತ ಇರುತ್ತದೆ, ಅದನ್ನು 5 ಬೈ 5 ಆವರೇಜ್‌ಗೆ ಇಡಿ. ಇಲ್ಲದಿದ್ದರೆ ಒಂದೇ ಎಳೆಯ ಮೇಲೆ ಬಿದ್ದು ತಪ್ಪು ಅಂಕಿ ಬರುತ್ತದೆ. ಈಗ ಒಂದೇ ಮಡಿಕೆಯ ಮೇಲೆ, ಒದ್ದೆಯ ಅಂಚಿನ ಆಚೆ ಒಂದು ಕಡೆ, ಈಚೆ ಒಂದು ಕಡೆ ಅಳೆಯಿರಿ. ಎರಡೂ ಕಡೆ ಒಂದೇ ಬೆಳಕು ಬಿದ್ದಿರಬೇಕು, ಅದು ಮುಖ್ಯ. ಒಣ ಭಾಗದಲ್ಲಿ ಕೆಂಪು 150, ಹಸಿರು 175, ನೀಲಿ 205 ಬಂತು ಅನ್ನಿ. ಒದ್ದೆಯಲ್ಲಿ ಕೆಂಪು 95, ಹಸಿರು 122, ನೀಲಿ 160. ಗಮನಿಸಿ, ಮೂರೂ ಇಳಿದಿವೆ, ಆದರೆ ಕೆಂಪು ಜಾಸ್ತಿ ಇಳಿದಿದೆ. ಅದಕ್ಕೇ ಒದ್ದೆ ಜಾಗ ಬರೀ ಕಪ್ಪಾಗಿ ಕಾಣದೆ ಕಡುನೀಲಿಯಾಗಿ ಕಾಣುತ್ತದೆ.

ಈಗ ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ. ಮೂರು ಬಣ್ಣವನ್ನು ಒಟ್ಟಿಗೆ ಎತ್ತಬೇಡಿ, ಒಂದೊಂದು ಚಾನೆಲ್ಲಿಗೆ ಹೋಗಿ. ಕೆಂಪು ಚಾನೆಲ್‌ನಲ್ಲಿ ಗೆರೆಯ ಮೇಲೆ ಒಂದು ಚುಕ್ಕೆ ಇಟ್ಟು ಇನ್‌ಪುಟ್ 95, ಔಟ್‌ಪುಟ್ 150 ಕೊಡಿ. ಹಸಿರಿಗೆ 122ರಿಂದ 175, ನೀಲಿಗೆ 160ರಿಂದ 205. ಬೆಳಕೂ ಬಣ್ಣವೂ ಒಟ್ಟಿಗೇ ಸರಿಹೋಗುತ್ತವೆ.

ಆದರೆ ಒಂದೇ ಚುಕ್ಕೆಗೆ ನಿಲ್ಲಿಸಿದರೆ ಮಡಿಕೆ ಹೋಯಿತು ಅಂತಲೇ ಲೆಕ್ಕ. ಮಡಿಕೆ ಕಾಣುವುದೇ ಅದರ ನೆರಳಿನಿಂದ ಅಲ್ವಾ? ನಡುವಿನ ಒಂದು ಚುಕ್ಕೆ ಎತ್ತಿದರೆ ನೆರಳೂ ಬೇಕಾದ್ದಕ್ಕಿಂತ ಹೆಚ್ಚು ತಿಳಿಯಾಗಿ ಬಟ್ಟೆ ಚಪ್ಪಟೆಯಾಗುತ್ತದೆ. ಹಾಗಾಗಿ ಮಡಿಕೆಯ ಗುಳಿಯಲ್ಲೂ ಇದೇ ರೀತಿ ಒಣ ಕಡೆ, ಒದ್ದೆ ಕಡೆ ಅಳೆಯಬೇಕು. ನಮ್ಮ ಫೋಟೋದಲ್ಲಿ ಗುಳಿಯ ಕೆಂಪು ಒದ್ದೆಯಲ್ಲಿ 63, ಒಣಗಿದ್ದರಲ್ಲಿ 100. ಕೆಂಪು ಚಾನೆಲ್‌ನಲ್ಲಿ 63ರಿಂದ 100ಕ್ಕೆ ಎರಡನೇ ಚುಕ್ಕೆ ಇಡಿ. ಉಳಿದ ಎರಡು ಚಾನೆಲ್‌ಗೂ ಹಾಗೇ.

ಈ ಹೊತ್ತಿಗೆ ಇಡೀ ಫೋಟೋ ಬೆಳ್ಳಗಾಗಿರುತ್ತದೆ. ಗಾಬರಿ ಬೇಡ. ಲೇಯರಿನ ಮಾಸ್ಕ್ ಮೇಲೆ ಕ್ಲಿಕ್ ಮಾಡಿ ಕಂಟ್ರೋಲ್ ಐ ಒತ್ತಿ. ಮಾಸ್ಕ್ ಕಪ್ಪಾಗುತ್ತದೆ, ಫೋಟೋ ಮೊದಲಿನಂತಾಗುತ್ತದೆ. ಈಗ ಮೆತ್ತನೆ ಅಂಚಿನ ಬಿಳಿ ಬ್ರಷ್, ಫ್ಲೋ ಹತ್ತು ಪರ್ಸೆಂಟ್ ಆಸುಪಾಸು. ಒದ್ದೆಯ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ತೆಳುವಾಗಿ ಸವರಿಕೊಂಡು ಬನ್ನಿ.

ನಿಜವಾದ ಕಷ್ಟ ಇರುವುದು ಅಂಚಿನಲ್ಲಿ. ಬ್ರಷ್ ಒಣ ಬಟ್ಟೆಯ ಮೇಲೆ ದಾಟಿದರೆ ಸುತ್ತ ಬೆಳ್ಳನೆ ಉಂಗುರ ಬರುತ್ತದೆ. ಒಳಗೇ ನಿಂತರೆ ಕಪ್ಪು ಗೆರೆ ಉಳಿಯುತ್ತದೆ. ಮೊದಲನೆಯದಕ್ಕೆ ಕಪ್ಪು ಬ್ರಷ್ ಹಿಡಿದು ಮಾಸ್ಕನ್ನು ಹಿಂದಕ್ಕೆ ತನ್ನಿ, ಎರಡನೆಯದಕ್ಕೆ ಬಿಳಿ ಬ್ರಷ್ ಚಿಕ್ಕದು ಮಾಡಿ. ಕಣ್ಣಿಗೆ ಗೊತ್ತಾಗದಿದ್ದರೆ ಎಲ್ಲಕ್ಕಿಂತ ಮೇಲೆ ಇನ್ನೊಂದು ಕರ್ವ್ಸ್ ಲೇಯರ್ ಹಾಕಿ ಗೆರೆಯನ್ನು ಕಡಿದಾಗಿ ಬಗ್ಗಿಸಿ. ಫೋಟೋ ವಿಕಾರವಾಗುತ್ತದೆ, ಆದರೆ ಉಳಿದ ಉಂಗುರವೆಲ್ಲ ಎದ್ದು ಕಾಣುತ್ತದೆ. ಸರಿಮಾಡಿ ಆ ಲೇಯರ್ ಅಳಿಸಿಬಿಡಿ.

ಬೆವರು ಅರ್ಧ ಒಣಗಿದ್ದರೆ ಅಂಚಿನಲ್ಲಿ ಉಪ್ಪಿನ ಬಿಳಿ ಗೆರೆ ನಿಂತಿರುತ್ತದೆ. ಅದಕ್ಕೆ ಮಾತ್ರ ಹೀಲಿಂಗ್ ಬ್ರಷ್ ಬೇಕು. ಮೇಲೊಂದು ಖಾಲಿ ಲೇಯರ್ ಹಾಕಿ, ಸ್ಯಾಂಪಲ್ ಅನ್ನುವಲ್ಲಿ ಕರೆಂಟ್ ಅಂಡ್ ಬಿಲೋ ಆರಿಸಿ. ಬ್ರಷ್ ಗೆರೆಗಿಂತ ತುಸು ದಪ್ಪ ಇದ್ದರೆ ಸಾಕು. ಮಾದರಿಯನ್ನು ಅದೇ ಮಡಿಕೆಯ ಮೇಲಿಂದ ತೆಗೆದುಕೊಳ್ಳಿ, ಅಡ್ಡಕ್ಕಿರುವ ಬೇರೆ ಮಡಿಕೆಯಿಂದ ಬೇಡ.

ಮದುವೆಮನೆಯ ಅಂಗಿಗೆ ಅರಿಶಿನವೂ ತಾಗಿರುತ್ತದೆ. ಬಿಳಿ ಅಂಗಿಯ ಮೇಲಿನ ಅರಿಶಿನ ಬೆವರಿಗಿಂತ ಸುಲಭ. ಅದು ಬಣ್ಣ ಬದಲಿಸುತ್ತದೆ, ಬೆಳಕನ್ನು ಅಷ್ಟಾಗಿ ತಗ್ಗಿಸುವುದಿಲ್ಲ. ಖಾಲಿ ಲೇಯರ್ ಹಾಕಿ, ಬ್ಲೆಂಡ್ ಮೋಡ್ ಕಲರ್ ಮಾಡಿ, ಪಕ್ಕದ ಶುದ್ಧ ಬಟ್ಟೆಯ ಬಣ್ಣ ಐಡ್ರಾಪರಿನಲ್ಲಿ ತೆಗೆದು ಸವರಿ. ಹಳದಿ ಹೋಗುತ್ತದೆ, ಕೆಳಗಿನ ಬೆಳಕು ನೆರಳು ಹಾಗೇ ಉಳಿಯುತ್ತದೆ. ನೆರಳಿನಲ್ಲಿರುವ ಕಲೆಗೆ ನೆರಳಿನ ಬಟ್ಟೆಯ ಬಣ್ಣವನ್ನೇ ತೆಗೆದುಕೊಳ್ಳಿ. ಕುಂಕುಮವಾದರೆ ಇದರ ಜೊತೆ ಒಂದಿಷ್ಟು ಕರ್ವ್ಸ್ ಕೂಡ ಬೇಕಾಗುತ್ತದೆ.

ಎಲ್ಲ ಫೋಟೋಗೂ ಇದು ನಡೆಯುವುದಿಲ್ಲ. ಒದ್ದೆ ಜಾಗದ ಅಂಕಿ ಸೊನ್ನೆಗೆ ಇಳಿದಿದ್ದರೆ ಎತ್ತಲು ಅಲ್ಲಿ ಏನೂ ಉಳಿದಿಲ್ಲ ಅಂತ ಅರ್ಥ. ಜೆಪೆಗ್ ಫೈಲಾದರೆ ಎತ್ತಿದ ಜಾಗದಲ್ಲಿ ಕಾಳುಕಾಳು, ಚೌಕಚೌಕ ಕಾಣುತ್ತದೆ. ರಾ ಫೈಲ್ ಇದ್ದರೆ ಅದರಿಂದಲೇ ಶುರು ಮಾಡುವುದು ಒಳ್ಳೆಯದು. ಬಿಳಿ ಅಂಗಿ ಒದ್ದೆಯಾಗಿ ಮೈಗೆ ಅಂಟಿದರೆ ಒಳಗಿನ ಬನಿಯನ್ನಿನ ಅಂಚು, ಮೈಬಣ್ಣ ಎರಡೂ ಕಾಣುತ್ತವೆ. ಮೈಬಣ್ಣವನ್ನು ಕಲರ್ ಲೇಯರಿನಿಂದ ತೆಗೆಯಬಹುದು. ಬನಿಯನ್ನಿನ ಅಂಚಿಗೆ ಹೀಲಿಂಗ್ ಬ್ರಷ್ಷೇ ಗತಿ. ಅಂಟಿಕೊಂಡ ಬಟ್ಟೆಯ ಆಕಾರ ಮಾತ್ರ ಬದಲಾಗುವುದಿಲ್ಲ. ಅಕ್ಷತೆ ಹೊತ್ತಿನಲ್ಲಿ ಸಾಲಾಗಿ ಹತ್ತಾರು ಫ್ರೇಮ್ ಹೊಡೆದಿರುತ್ತೇವೆ. ಅವುಗಳಲ್ಲಿ ಕೈ ಇನ್ನೂ ಕೆಳಗಿರುವ ಫ್ರೇಮ್ ಆರಿಸುವುದೇ ಆಗ ಜಾಣತನ.

ನನ್ನನ್ನು ಕೇಳಿದರೆ ಕಲೆಯನ್ನು ಪೂರ್ತಿ ತೆಗೆಯಲೂ ಬಾರದು. ಕರ್ವ್ಸ್ ಲೇಯರಿನ ಒಪಾಸಿಟಿ ಎಂಬತ್ತೈದಕ್ಕೆ ಇಳಿಸುತ್ತೇನೆ. ಕಂಕುಳಲ್ಲಿ ಹೇಗೂ ನೆರಳಿರುತ್ತದೆ. ಉಳಿದ ಮಬ್ಬು ಆ ನೆರಳಿನೊಳಗೆ ಸೇರಿಹೋಗುತ್ತದೆ. ಆಲ್ಬಮ್ ಹಾಳೆ 12 ಬೈ 36 ಇಂಚಿನದಾದರೆ ಕಂಕುಳಿನ ಆ ತುಂಡನ್ನಷ್ಟೇ ಅಸಲಿ ಅಳತೆಯಲ್ಲಿ ಒಂದು ಪ್ರಿಂಟ್ ಹಾಕಿಸಿ ನೋಡಿ. ಪರದೆಯಲ್ಲಿ ಕಾಣದ ಉಂಗುರ ಕಾಗದದ ಮೇಲೆ ಕಾಣುವುದುಂಟು. ಲೇಯರ್ ಇರುವ ಪಿಎಸ್‌ಡಿ ಫೈಲನ್ನು ಆಲ್ಬಮ್ ಮನೆ ಸೇರುವ ತನಕ ಅಳಿಸಬೇಡಿ.

ನಮಸ್ಕಾರ.