ಸರಬರಾಜು ಅವಧಿಯನ್ನು ಅಳೆದು ಬರೆಯುವುದು

ಕೇಳುಗರಿಗೆ ನಮಸ್ಕಾರ.

ಖರೀದಿ ವಿಭಾಗದಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಮೊದಲು ತೆರೆಯುವುದು ಪ್ಲಾನಿಂಗ್ ರನ್, ಅಂದರೆ ಏನನ್ನು ಯಾವಾಗ ತರಿಸಬೇಕೆಂದು ತಂತ್ರಾಂಶ ಮಾಡುವ ಲೆಕ್ಕ, ಕೊಟ್ಟಿರುವ ಖರೀದಿ ಸಲಹೆಗಳ ಪಟ್ಟಿಯನ್ನು. ಆ ಪಟ್ಟಿಯಲ್ಲಿ ಬೇಡದ ವಸ್ತುಗಳು ಇದ್ದು ಬೇಕಾದವು ಇಲ್ಲದಿದ್ದರೆ, ಕೆಲವೇ ವಾರಗಳಲ್ಲಿ ಅದನ್ನು ಯಾರೂ ನಂಬದಂತಾಗುತ್ತದೆ, ಮತ್ತೆ ಎಲ್ಲರೂ ತಮ್ಮ ತಮ್ಮ ಎಕ್ಸೆಲ್ ಹಾಳೆಗಳಿಗೆ ಮರಳುತ್ತಾರೆ. ದೂರು ತಂತ್ರಾಂಶದ ಮೇಲೆ ಬರುತ್ತದೆ. ಆದರೆ ನಾನು ಕಂಡ ಬಹುತೇಕ ಸಂದರ್ಭಗಳಲ್ಲಿ ತಪ್ಪು ಇದ್ದದ್ದು ಪ್ರತಿ ವಸ್ತುವಿನ ವಿವರಗಳನ್ನು ತುಂಬಿಡುವ ಐಟಂ ಮಾಸ್ಟರಿನ ಒಂದು ಅಂಕಿಯಲ್ಲಿ, ಅಂದರೆ ಸರಬರಾಜು ಅವಧಿಯಲ್ಲಿ. ಸರಕು ತರಿಸಬೇಕೆಂದು ಗೊತ್ತಾದ ದಿನದಿಂದ ಅದು ಬಳಕೆಗೆ ಸಿಗುವವರೆಗಿನ ಈ ಕಾಲವನ್ನೇ ನಾವು ಲೀಡ್ ಟೈಮ್ ಎನ್ನುವುದು.

ಒಂದು ಉದಾಹರಣೆಯನ್ನು ಕೊನೆಯವರೆಗೆ ನೋಡೋಣ. ಬಿಡಿಭಾಗಗಳ ಉಗ್ರಾಣವೊಂದರಲ್ಲಿ ಪಂಪಿನ ಸೀಲ್ ದಿನಕ್ಕೆ ಸರಾಸರಿ 40 ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಸರಬರಾಜುದಾರರು ತಮ್ಮ ದರಪಟ್ಟಿಯಲ್ಲಿ 12 ದಿನ ಎಂದು ಬರೆದಿದ್ದರು, ಅದನ್ನೇ ಮಾಸ್ಟರಿಗೆ ತುಂಬಲಾಯಿತು. 12 ದಿನಕ್ಕೆ 480 ಸೀಲುಗಳು ಬೇಕು. ಅದರ ಮೇಲೆ ಮೂರು ದಿನದ ಖರ್ಚಾದ 120ನ್ನು ಸೇಫ್ಟಿ ಸ್ಟಾಕ್, ಅಂದರೆ ಏರುಪೇರಿಗೆಂದು ಇಡುವ ಮೀಸಲು, ಎಂದು ಅಂದಾಜಿನಿಂದ ಸೇರಿಸಿ, ರೀಆರ್ಡರ್ ಪಾಯಿಂಟ್ 600 ಎಂದು ಇಟ್ಟರು. ಉಗ್ರಾಣದಲ್ಲಿ ಇರುವುದು ಮತ್ತು ಬರಬೇಕಾದ ಪರ್ಚೇಸ್ ಆರ್ಡರುಗಳ ಬಾಕಿ, ಇವೆರಡನ್ನೂ ಕೂಡಿಸಿ, ಈಗಾಗಲೇ ಕಾಯ್ದಿರಿಸಿದ್ದನ್ನು ಕಳೆದಾಗ ಉಳಿಯುವ ಸಂಖ್ಯೆ 600ಕ್ಕೆ ಇಳಿದ ದಿನ ಪ್ಲಾನಿಂಗ್ ರನ್ ಖರೀದಿಗೆ ಸಲಹೆ ಕೊಡುತ್ತದೆ.

ಈಗ ಹಿಂದಿನ ಹತ್ತು ಆರ್ಡರುಗಳನ್ನು ತೆಗೆದು ನೋಡೋಣ. ಸಲಹೆ ಬಂದ ದಿನದಿಂದ, ಸರಕು ತಪಾಸಣೆ ಮುಗಿದು ಬಳಕೆಗೆ ಸಿಕ್ಕ ದಿನದವರೆಗೆ ಎಣಿಸಿದಾಗ 12, 13, 14, 15, 16, 18, 20, 22, 24 ಮತ್ತು 26 ದಿನಗಳು ಹಿಡಿದಿವೆ. ಸರಾಸರಿ 18 ದಿನ. 600 ಸೀಲುಗಳು 15 ದಿನಕ್ಕೆ ಸಾಕಾಗುವುದರಿಂದ, ಖರ್ಚು ಒಂದೇ ಸಮನೆ ನಡೆದರೂ ಹತ್ತರಲ್ಲಿ ಆರು ಸಲ ಸರಕು ಬರುವ ಮೊದಲೇ ಉಗ್ರಾಣ ಬರಿದಾಗಿರುತ್ತದೆ. ಪ್ಲಾನಿಂಗ್ ರನ್ ಇಲ್ಲಿ ಯಾವ ತಪ್ಪನ್ನೂ ಮಾಡಿಲ್ಲ. ಸರಬರಾಜುದಾರರೂ ಸುಳ್ಳು ಹೇಳಿರಲಿಕ್ಕಿಲ್ಲ, ಏಕೆಂದರೆ ಅವರ 12 ದಿನ ಶುರುವಾಗುವುದು ಆರ್ಡರು ಅವರ ಕೈಸೇರಿದ ಮೇಲೆ, ಮುಗಿಯುವುದು ಸರಕು ಅವರ ಬಾಗಿಲು ದಾಟಿದಾಗ. ಅದಕ್ಕೆ ಮೊದಲು ನಮ್ಮಲ್ಲಿ ಸಹಿಗಾಗಿ ಕಾದ ದಿನಗಳು, ಅದರ ನಂತರ ಸಾಗಣೆಯಲ್ಲಿ ಮತ್ತು ತಪಾಸಣೆಯಲ್ಲಿ ಕಳೆದ ದಿನಗಳು ಯಾರ ಲೆಕ್ಕದಲ್ಲೂ ಇರಲಿಲ್ಲ.

ಹಾಗಾದರೆ ಅವಧಿಯನ್ನು 18 ಎಂದು ತಿದ್ದಿದರೆ ಸಾಕೇ? ಸಾಲದು. ಸರಾಸರಿಯಷ್ಟೇ ಮುಖ್ಯವಾದದ್ದು ಅದರ ಏರಿಳಿತ. ಮೇಲಿನ ಹತ್ತು ಅಂಕಿಗಳ ಪ್ರಮಾಣ ವಿಚಲನೆ, ಅಂದರೆ ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ, ಸುಮಾರು 5 ದಿನ. ಎಕ್ಸೆಲ್ಲಿನ ಒಂದು ಸೂತ್ರ ಅದನ್ನು ಕ್ಷಣದಲ್ಲಿ ಕೊಡುತ್ತದೆ. ದಿನದ ಖರ್ಚಿನ ವಿಚಲನೆ 15 ಸೀಲುಗಳು ಎಂದುಕೊಳ್ಳೋಣ. ಕಾಗದ ಪೆನ್ನು ಹತ್ತಿರ ಇರುವವರು ಬರೆದುಕೊಳ್ಳಬಹುದು. 15ರ ವರ್ಗವಾದ 225ನ್ನು 18 ದಿನಗಳಿಂದ ಗುಣಿಸಿದರೆ 4,050. ಇದು ಖರ್ಚಿನ ಏರಿಳಿತದ ಪಾಲು. 40ರ ವರ್ಗವಾದ 1,600ನ್ನು 5ರ ವರ್ಗವಾದ 25ರಿಂದ ಗುಣಿಸಿದರೆ 40,000. ಇದು ಅವಧಿಯ ಏರಿಳಿತದ ಪಾಲು. ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 210 ಬರುತ್ತದೆ. ನೂರು ಖರೀದಿ ಸುತ್ತುಗಳಲ್ಲಿ ಸುಮಾರು 95ರಲ್ಲಿ ಸರಕು ಮುಗಿಯಬಾರದು ಎಂಬುದು ನಮ್ಮ ಗುರಿಯಾದರೆ, ಇದನ್ನು 1.65ರಿಂದ ಗುಣಿಸಬೇಕು. ಸೇಫ್ಟಿ ಸ್ಟಾಕ್ 346 ಆಗುತ್ತದೆ. 18 ದಿನದ ಖರ್ಚಾದ 720ನ್ನು ಸೇರಿಸಿದರೆ ಹೊಸ ರೀಆರ್ಡರ್ ಪಾಯಿಂಟ್ 1,066.

4,050 ಮತ್ತು 40,000, ಈ ಎರಡು ಅಂಕಿಗಳ ಮುಂದೆ ಸ್ವಲ್ಪ ನಿಲ್ಲಬೇಕೆಂದು ನನ್ನ ವಿನಂತಿ. ಬೇಡಿಕೆಯನ್ನು ಇನ್ನಷ್ಟು ನಿಖರವಾಗಿ ಮುನ್ನಂದಾಜು ಮಾಡಲು ನಾವು ತಿಂಗಳುಗಟ್ಟಲೆ ಶ್ರಮಿಸಿದರೂ ತಗ್ಗುವುದು ಮೊದಲನೆಯ ಸಣ್ಣ ಪಾಲು ಮಾತ್ರ. ಅದರ ಬದಲು ಸರಬರಾಜುದಾರರೊಡನೆ ಕುಳಿತು, ಸರಾಸರಿ 18 ದಿನವೇ ಇರಲಿ ಆದರೆ ಏರಿಳಿತ 5 ದಿನದಿಂದ 2 ದಿನಕ್ಕೆ ಇಳಿಯಲಿ ಎಂದು ಒಪ್ಪಿಸಲು ಸಾಧ್ಯವಾದರೆ, ಎರಡನೆಯ ಪಾಲು 6,400ಕ್ಕೆ ಕುಸಿದು, ಸೇಫ್ಟಿ ಸ್ಟಾಕ್ 346ರಿಂದ 169ಕ್ಕೆ, ಅಂದರೆ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಬೇಗ ಕೊಡಿ ಎಂದು ಒತ್ತಾಯಿಸುವುದಕ್ಕಿಂತ, ಹೇಳಿದ ದಿನಕ್ಕೆ ಕೊಡಿ ಎಂದು ಕೇಳುವುದರಿಂದ ಇಂತಹ ವಸ್ತುವಿನಲ್ಲಿ ಹೆಚ್ಚು ಲಾಭವಿದೆ.

ಲೆಕ್ಕ ಸರಿಯಾದ ಮೇಲೂ ಅದನ್ನು ತಂತ್ರಾಂಶದಲ್ಲಿ ತುಂಬುವಾಗ ಎಡವುವುದುಂಟು. 1,066ರಲ್ಲಿ 346 ಈಗಾಗಲೇ ಸೇರಿದೆ. ಕೆಲವು ತಂತ್ರಾಂಶಗಳು ಸೇಫ್ಟಿ ಸ್ಟಾಕಿನ ಅಂಕಣವನ್ನು ರೀಆರ್ಡರ್ ಪಾಯಿಂಟಿಗೆ ಮತ್ತೆ ಕೂಡಿಸುತ್ತವೆ. ಆಗ ಸಲಹೆ 1,412ರಲ್ಲೇ ಹೊರಡುತ್ತದೆ. ನಿಮ್ಮದು ಯಾವ ಬಗೆಯದೆಂದು ತಿಳಿಯಲು, ಪರೀಕ್ಷೆಗೆಂದು ಒಂದೇ ವಸ್ತುವಿನ ದಾಸ್ತಾನನ್ನು 1,200ಕ್ಕೆ ಇಟ್ಟು ರನ್ ಮಾಡಿ. ಸಲಹೆ ಬಂದರೆ ಎರಡು ಸಲ ಎಣಿಕೆಯಾಗುತ್ತಿದೆ ಎಂದೇ ಅರ್ಥ. ಹಾಗೆಯೇ, ಅವಧಿಯ ಅಂಕಣ ಕೇಳುವುದು ಕ್ಯಾಲೆಂಡರ್ ದಿನಗಳನ್ನೋ ಕೆಲಸದ ದಿನಗಳನ್ನೋ ಎಂಬುದನ್ನು ನೋಡಿಕೊಳ್ಳಬೇಕು. ವಾರಕ್ಕೆ 5 ದಿನ ಕೆಲಸವಿರುವಲ್ಲಿ, ಕ್ಯಾಲೆಂಡರಿನ 18ನ್ನು ಕೆಲಸದ ದಿನವೆಂದು ತುಂಬಿದರೆ ಅದು 25 ದಿನವಾಗಿಬಿಡುತ್ತದೆ. ನಮ್ಮ ಲೆಕ್ಕ ರನ್ ಪ್ರತಿದಿನ ನಡೆಯುತ್ತದೆಂದು ಭಾವಿಸಿದೆ. ವಾರಕ್ಕೊಮ್ಮೆ ಮಾತ್ರ ನಡೆಯುವುದಾದರೆ ಅವಧಿಗೆ 7 ದಿನ ಸೇರಿಸಿ ಲೆಕ್ಕವನ್ನು ಮತ್ತೆ ಮಾಡಬೇಕು.

ಇಷ್ಟಾದ ಮೇಲೆ ಅಂಕಿ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಪ್ರತಿ ಸಲ ಹೊಸ ಸರಕು ಬಂದ ದಿನ, ಅದನ್ನು ಸೇರಿಸುವ ಮೊದಲು ಉಗ್ರಾಣದಲ್ಲಿ ಎಷ್ಟಿತ್ತೆಂದು ಬರೆದಿಡಿ. ಹಲವು ಸುತ್ತುಗಳ ಸರಾಸರಿ 346ರ ಆಸುಪಾಸಿನಲ್ಲಿ ಇರಬೇಕು. ಅಂದರೆ ಸುಮಾರು ಅರ್ಧದಷ್ಟು ಸಲ ದಾಸ್ತಾನು ಸೇಫ್ಟಿ ಸ್ಟಾಕಿಗಿಂತ ಕೆಳಗೆ ಇಳಿಯುವುದು ಸಹಜವೇ. ಇದನ್ನು ಕಂಡು ಗಾಬರಿಯಾಗಿ ತುರ್ತು ಆರ್ಡರು ಹಾಕುವವರನ್ನು, ಮಟ್ಟವನ್ನು ಏರಿಸುತ್ತಲೇ ಹೋಗುವವರನ್ನು ನಾನು ನೋಡಿದ್ದೇನೆ. ಬಳಸಿಕೊಳ್ಳಲೆಂದೇ ಅದನ್ನು ಇಟ್ಟಿರುವುದು. ಸರಾಸರಿ ಸತತವಾಗಿ 600, 700 ಇದ್ದರೆ ಹಣ ಸುಮ್ಮನೆ ಕೂತಿದೆ. ಪದೇ ಪದೇ ಸೊನ್ನೆ ಕಂಡರೆ ಅವಧಿ ಅಥವಾ ಖರ್ಚು ಬದಲಾಗಿದೆ. ಆದರೆ ಸರಕಿಲ್ಲದ ದಿನಗಳ ಖರ್ಚು ಸೊನ್ನೆಯೆಂದು ದಾಖಲಾಗುವುದರಿಂದ, ಆ ದಿನಗಳನ್ನು ಬಿಟ್ಟೇ ದಿನದ ಸರಾಸರಿಯನ್ನು ತೆಗೆಯಬೇಕು.

ಮೂರು ತಿಂಗಳಿಗೊಮ್ಮೆ ಒಮ್ಮೆಲೇ 500 ಬೇಕಾಗಿ, ಉಳಿದ ದಿನ ಒಂದೂ ಬೇಡವಾಗುವ ವಸ್ತುವಿಗೆ ಈ ಲೆಕ್ಕ ಹೊಂದುವುದಿಲ್ಲ. ಅದನ್ನು ಖಚಿತವಾದ ಬೇಡಿಕೆಯ ಮೇಲೆ ತರಿಸುವುದೇ ಲೇಸು.

ಕೊನೆಯದಾಗಿ, ಹಳೆಯ ಪರ್ಚೇಸ್ ಆರ್ಡರುಗಳ ಬಾಕಿ. ಸರಬರಾಜುದಾರರು 500ರ ಬದಲು 350 ಕಳಿಸಿ ಸುಮ್ಮನಾಗಿದ್ದರೆ, ಮುಚ್ಚದೆ ಬಿಟ್ಟ ಆ ಆರ್ಡರಿನ 150ನ್ನು ಪ್ಲಾನಿಂಗ್ ರನ್ ಪ್ರತಿದಿನವೂ ಬರಲಿರುವ ಸರಕೆಂದೇ ಎಣಿಸುತ್ತದೆ. ಆಗ 1,066 ಎಂದು ನಾವು ಬರೆದಿದ್ದರೂ ಸಲಹೆ ಬರುವುದು ನಿಜವಾದ ದಾಸ್ತಾನು 916ಕ್ಕೆ ಇಳಿದ ಮೇಲೆ. ಆದ್ದರಿಂದ ಹೊಸ ಅಂಕಿಗಳನ್ನು ತುಂಬುವ ಮೊದಲು, ತಾರೀಖು ದಾಟಿದ ಆರ್ಡರುಗಳ ಪಟ್ಟಿ ತೆಗೆದು, ಬಾರದಿರುವುದನ್ನು ಮುಚ್ಚಿ, ಬರುವುದಕ್ಕೆ ಹೊಸ ತಾರೀಖು ಕೊಡಿ.

ನಮಸ್ಕಾರ.